ಶಿಖರದಿಂದ ತಳಕ್ಕೆ: ಗರಿಷ್ಠ ಕುಸಿತದ ಲೆಕ್ಕ

2008ರ ಜನವರಿ 8ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ದಿನದ ವಹಿವಾಟು ಮುಗಿಸಿದ್ದು 20,873.33ರಲ್ಲಿ. ಅಲ್ಲಿಯವರೆಗಿನ ದಿನಾಂತ್ಯದ ಮಟ್ಟಗಳಲ್ಲಿ ಅದೇ ಅತಿ ಎತ್ತರ. ಹದಿನಾಲ್ಕು ತಿಂಗಳು ಕಳೆದು 2009ರ ಮಾರ್ಚ್ 9 ಬಂದಾಗ ಅದೇ ಸೂಚ್ಯಂಕ 8,160.40ಕ್ಕೆ ಇಳಿದಿತ್ತು. ಶಿಖರದ ದಿನ ನೂರು ರೂಪಾಯಿ ಇದ್ದ ಹೂಡಿಕೆಯಲ್ಲಿ ತಳದ ದಿನ ಉಳಿದದ್ದು 39 ರೂಪಾಯಿ 10 ಪೈಸೆ. ಹೋದದ್ದು ಶೇ 60.9. ಹೀಗೆ ಒಂದು ಶಿಖರದಿಂದ ಅದರ ನಂತರದ ತಳದವರೆಗೆ ಬೆಲೆ ಎಷ್ಟು ಪಾಲು ಕರಗಿತು ಎಂಬುದನ್ನು ಡ್ರಾಡೌನ್ ಅಥವಾ ಕುಸಿತ ಎನ್ನುತ್ತಾರೆ. ಆಯ್ದುಕೊಂಡ ಅವಧಿಯಲ್ಲಿ ಸಂಭವಿಸಿದ ಇಂಥ ಕುಸಿತಗಳಲ್ಲೆಲ್ಲ ಅತಿ ದೊಡ್ಡದು ಗರಿಷ್ಠ ಕುಸಿತ, ಅಂದರೆ ಮ್ಯಾಕ್ಸಿಮಮ್ ಡ್ರಾಡೌನ್.

ಹೂಡಿಕೆಯ ಅಪಾಯವನ್ನು ಅಳೆಯಲು ಬೇರೆ ಮಾನದಂಡಗಳೂ ಇವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪ್ರಮಾಣಿತ ವಿಚಲನೆ: ಆದಾಯ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ತುಯ್ಯುತ್ತದೆ ಎಂಬುದರ ಅಳತೆ. ಅದು ಏರಿಕೆಯನ್ನೂ ಇಳಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ; ನಷ್ಟದ ದಿನಗಳು ಚದುರಿ ಬಂದವೋ ಸಾಲುಗಟ್ಟಿ ಬಂದವೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೂಡಿಕೆದಾರನ ಬದುಕಿನಲ್ಲಿ ಮಾತ್ರ ಆ ಸಾಲೇ ಮುಖ್ಯ. ತಿಂಗಳ ಮೇಲೆ ತಿಂಗಳು ಇಳಿಯುತ್ತಲೇ ಹೋಗುವ ಮೊತ್ತವನ್ನು ನೋಡುತ್ತ ಕೂರಬೇಕಾದವನಿಗೆ ಬೇಕಾದ ಉತ್ತರ ಒಂದೇ: ಅತಿ ಕೆಟ್ಟ ಹೊತ್ತಿನಲ್ಲಿ ಈ ಗಂಟು ಎಷ್ಟು ಕರಗಬಹುದಿತ್ತು? ಗರಿಷ್ಠ ಕುಸಿತ ನೇರವಾಗಿ ಆ ಪ್ರಶ್ನೆಗೇ ಉತ್ತರಿಸುತ್ತದೆ. ಆದರೆ ಆ ಉತ್ತರವನ್ನು ಕೈಗೆಟಕುವ ಅಂಕಿಗಳಿಂದ ಅವಸರದಲ್ಲಿ ಪಡೆದರೆ ಅದು ಹೆಚ್ಚಿನ ಸಲ ನಿಜಕ್ಕಿಂತ ಸೌಮ್ಯವಾಗಿಯೇ ಬರುತ್ತದೆ. ಹಾಗೇಕಾಗುತ್ತದೆ ಎಂಬುದು ಲೆಕ್ಕದ ಒಂದೊಂದು ಹೆಜ್ಜೆಯಲ್ಲೂ ಕಾಣುತ್ತದೆ.

ಸಾಗುವ ಶಿಖರ

ಲೆಕ್ಕಕ್ಕೆ ಬೇಕಾದದ್ದು ದಿನಾಂಕದ ಕ್ರಮದಲ್ಲಿರುವ ಬೆಲೆಗಳ ಪಟ್ಟಿ ಮಾತ್ರ. ಪ್ರತಿ ದಿನದ ಎದುರು, ಪಟ್ಟಿಯ ಆರಂಭದಿಂದ ಆ ದಿನದವರೆಗೆ ಬಂದ ಅತಿ ಹೆಚ್ಚಿನ ಬೆಲೆಯನ್ನು ಬರೆಯಬೇಕು. ಇದು ಸಾಗುವ ಶಿಖರ; ಬೆಲೆ ಹೊಸ ಎತ್ತರ ಮುಟ್ಟಿದಾಗ ಏರುತ್ತದೆ, ಬೆಲೆ ಇಳಿದಾಗ ಇದ್ದಲ್ಲೇ ಇರುತ್ತದೆ. ಆ ದಿನದ ಬೆಲೆಯನ್ನು ಸಾಗುವ ಶಿಖರದಿಂದ ಭಾಗಿಸಿ ಒಂದನ್ನು ಕಳೆದರೆ ಆ ದಿನದ ಕುಸಿತ ಸಿಗುತ್ತದೆ. ಆರು ತಿಂಗಳ ಒಂದು ಕಾಲ್ಪನಿಕ ಪಟ್ಟಿ ಹೀಗಿರಲಿ:

| ತಿಂಗಳು | ಬೆಲೆ | ಸಾಗುವ ಶಿಖರ | ಕುಸಿತ (ಶೇಕಡಾ) |
|---|---|---|---|
| 1 | 100 | 100 | 0 |
| 2 | 125 | 125 | 0 |
| 3 | 90 | 125 | −28 |
| 4 | 110 | 125 | −12 |
| 5 | 140 | 140 | 0 |
| 6 | 105 | 140 | −25 |

ಗರಿಷ್ಠ ಕುಸಿತ ಶೇ 28. ಅದು ಆರಂಭವಾದದ್ದು 125ರ ಶಿಖರದಿಂದ. ಪಟ್ಟಿಯ ಅತಿ ಎತ್ತರವಾದ 140ರಿಂದಲ್ಲ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಇಡೀ ಪಟ್ಟಿಯ ಗರಿಷ್ಠ ಬೆಲೆ 140, ಕನಿಷ್ಠ ಬೆಲೆ 90 ಎಂದು ಹೆಕ್ಕಿ ತೆಗೆದು ಎರಡರ ನಡುವಿನ ಅಂತರವನ್ನು ಲೆಕ್ಕಹಾಕಿದರೆ ಶೇ 35.7 ಎಂಬ ಉತ್ತರ ಬರುತ್ತದೆ. ಅಷ್ಟು ನಷ್ಟ ಯಾರಿಗೂ ಆಗಿರಲು ಸಾಧ್ಯವಿಲ್ಲ, ಏಕೆಂದರೆ 90 ಬಂದದ್ದು 140ಕ್ಕಿಂತ ಮೊದಲು. ತಳ ಯಾವಾಗಲೂ ಶಿಖರದ ನಂತರವೇ ಬರಬೇಕು.

ಎಕ್ಸೆಲ್ ಹಾಳೆಯಲ್ಲಿ ಬೆಲೆಗಳು B ಅಂಕಣದಲ್ಲಿದ್ದರೆ C2ರಲ್ಲಿ `=MAX(B$2:B2)`, D2ರಲ್ಲಿ `=B2/C2-1` ಎಂದು ಬರೆದು ಕೆಳಗಿನವರೆಗೆ ಎಳೆದರೆ ಸಾಕು. `=MIN(D:D)` ಗರಿಷ್ಠ ಕುಸಿತವನ್ನು ಕೊಡುತ್ತದೆ. ಮೊದಲ ಸೂತ್ರದಲ್ಲಿರುವ ಡಾಲರ್ ಚಿಹ್ನೆಯನ್ನು ಮರೆತರೆ ಶಿಖರದ ಆರಂಭಬಿಂದುವೂ ಕೆಳಗೆ ಜಾರುತ್ತ ಹೋಗಿ ಪ್ರತಿ ಸಾಲಿನಲ್ಲೂ ಸೊನ್ನೆ ಕಾಣಿಸಿಕೊಳ್ಳುತ್ತದೆ. ಪೈಥಾನ್ ಬಲ್ಲವರಿಗೆ ಇದು ಕೆಲವೇ ಸಾಲಿನ ಕೆಲಸ:

```python
import pandas as pd
s = pd.read_csv("sensex.csv", index_col=0,
                parse_dates=True)["Close"].sort_index()
dd = s / s.cummax() - 1
print(dd.min(), dd.idxmin())
```

ಇಲ್ಲಿ `sort_index()` ಅಲಂಕಾರಕ್ಕಲ್ಲ. ಇಳಿಸಿಕೊಂಡ ಕಡತಗಳಲ್ಲಿ ಎಷ್ಟೋ ಸಲ ಹೊಸ ದಿನಾಂಕ ಮೇಲೆ, ಹಳೆಯದು ಕೆಳಗೆ ಇರುತ್ತದೆ. ಹಾಗೇ ಬಿಟ್ಟರೆ ಕಾಲ ಹಿಮ್ಮುಖವಾಗಿ ಹರಿದು, ಏರಿಕೆಯೆಲ್ಲ ಕುಸಿತವಾಗಿ ಎಣಿಕೆಯಾಗುತ್ತದೆ. ಬಂದ ಉತ್ತರದ ಜೊತೆಗೆ ತಳದ ದಿನಾಂಕವನ್ನೂ ಅಚ್ಚು ಹಾಕಿಸುವುದು ಈ ಕಾರಣಕ್ಕೇ: ದಿನಾಂಕ ಯಾವುದೋ ಪರಿಚಿತ ಬಿಕ್ಕಟ್ಟಿನ ಹೊತ್ತಿಗೆ ಹೊಂದದಿದ್ದರೆ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು.

ಆಳ ಮತ್ತು ಅವಧಿ

ಒಂದು ಕುಸಿತಕ್ಕೆ ಆಳವಷ್ಟೇ ಅಲ್ಲ, ಉದ್ದವೂ ಇದೆ. ಶಿಖರದಿಂದ ತಳಕ್ಕೆ ಇಳಿಯಲು ಹಿಡಿದ ಕಾಲ ಒಂದು, ತಳದಿಂದ ಹಳೆಯ ಶಿಖರಕ್ಕೆ ಮರಳಲು ಹಿಡಿದ ಕಾಲ ಇನ್ನೊಂದು. 2008ರ ಸಂದರ್ಭದಲ್ಲಿ ಇಳಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ದಿನಾಂತ್ಯದ ಮಟ್ಟ ಮತ್ತೆ 20,873ನ್ನು ದಾಟಿದ್ದು 2010ರ ನವೆಂಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ. ಅಂದರೆ ಶಿಖರದ ದಿನ ಹಣ ಹಾಕಿದವನ ಅಸಲು ಕೈಗೆ ಬರಲು ಹೆಚ್ಚುಕಡಿಮೆ ಮೂರು ವರ್ಷ ಬೇಕಾಯಿತು. ಈ ಲೆಕ್ಕ ಸೂಚ್ಯಂಕದ ಬೆಲೆಯದ್ದು ಮಾತ್ರ. ಕಂಪನಿಗಳು ಕೊಟ್ಟ ಡಿವಿಡೆಂಡ್‌ ಇದರಲ್ಲಿ ಸೇರಿಲ್ಲ. ಡಿವಿಡೆಂಡನ್ನು ಮರುಹೂಡಿಕೆ ಮಾಡಿದಂತೆ ಎಣಿಸುವ ಒಟ್ಟು ಆದಾಯ ಸೂಚ್ಯಂಕವನ್ನು ಬಳಸಿದರೆ ಆಳ ತುಸು ತಗ್ಗುತ್ತದೆ, ಚೇತರಿಕೆ ಸ್ವಲ್ಪ ಬೇಗ ಬರುತ್ತದೆ.

ಇಳಿಕೆಗಿಂತ ಏರಿಕೆ ಕಷ್ಟವಾಗುವುದು ಗಣಿತದ ಕಾರಣಕ್ಕೆ. 39.10 ರೂಪಾಯಿ ಮತ್ತೆ ನೂರಾಗಬೇಕಾದರೆ ಅದು 2.56 ಪಟ್ಟಾಗಬೇಕು, ಅಂದರೆ ಶೇ 156ರಷ್ಟು ಏರಬೇಕು. ಶೇ 20ರ ಕುಸಿತಕ್ಕೆ ಬೇಕಾದದ್ದು ಶೇ 25ರ ಏರಿಕೆ. ಶೇ 50ಕ್ಕೆ ಶೇ 100. ಕುಸಿತದ ಆಳ ಹೆಚ್ಚಿದಷ್ಟೂ ಮರಳುವ ದಾರಿ ಅದಕ್ಕಿಂತ ಬಹಳ ಬೇಗ ಉದ್ದವಾಗುತ್ತದೆ. ಎರಡು ಹೂಡಿಕೆಗಳನ್ನು ಹೋಲಿಸುವಾಗ ಶೇ 30 ಮತ್ತು ಶೇ 60 ಕುಸಿತಗಳನ್ನು ಒಂದಕ್ಕೆ ಎರಡರಷ್ಟು ಎಂದುಕೊಳ್ಳುವುದು ಸಹಜ. ಮರಳಲು ಬೇಕಾದ ಏರಿಕೆ ನೋಡಿದರೆ ಮೊದಲನೆಯದಕ್ಕೆ ಶೇ 43, ಎರಡನೆಯದಕ್ಕೆ ಶೇ 150.

ಎಷ್ಟು ಸಲ ಅಳೆಯಬೇಕು

ಕೋವಿಡ್ ಕಾಲದ ಕುಸಿತ ಬಹಳ ಚುರುಕಾಗಿತ್ತು. 2020ರ ಜನವರಿ 14ರಂದು 41,952.63 ಇದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 25,981.24 ಆಯಿತು. ಆ ಕೊನೆಯ ಒಂದೇ ದಿನ ಬಿದ್ದದ್ದು 3,934 ಅಂಶ, ಶೇ 13ಕ್ಕೂ ಹೆಚ್ಚು. ದಿನದ ಲೆಕ್ಕದಲ್ಲಿ ಗರಿಷ್ಠ ಕುಸಿತ ಶೇ 38.1.

ಇದೇ ಘಟನೆಯನ್ನು ತಿಂಗಳ ಕೊನೆಯ ಬೆಲೆಗಳಿಂದ ಮಾತ್ರ ಅಳೆದರೆ ಚಿತ್ರ ಬೇರೆಯಾಗುತ್ತದೆ. 2019ರ ಡಿಸೆಂಬರ್ ಕೊನೆಗೆ ಸೂಚ್ಯಂಕ 41,253.74 ಇತ್ತು, ಮಾರ್ಚ್ 31ಕ್ಕೆ 29,468.49. ಕುಸಿತ ಶೇ 28.6. ಜನವರಿ ಮಧ್ಯದ ಶಿಖರವೂ ಮಾರ್ಚ್ ಮೂರನೇ ವಾರದ ನಂತರದ ತಳವೂ ಎರಡು ತಿಂಗಳಾಂತ್ಯಗಳ ನಡುವೆ ಅಡಗಿ ಹೋದವು. ವರ್ಷಾಂತ್ಯದ ಬೆಲೆಗಳನ್ನು ಹಿಡಿದರಂತೂ ಕುಸಿತವೇ ಇಲ್ಲ: 2020ರ ಕೊನೆಯಲ್ಲಿ ಸೆನ್ಸೆಕ್ಸ್ 47,751.33ರಲ್ಲಿತ್ತು, ಹಿಂದಿನ ವರ್ಷದ ಕೊನೆಗಿಂತ ಮೇಲೆ. ಲಕ್ಷಾಂತರ ಜನರ ನಿದ್ದೆಗೆಡಿಸಿದ ಕುಸಿತ ವಾರ್ಷಿಕ ಪಟ್ಟಿಯಲ್ಲಿ ಒಂದು ಗೆರೆಯಷ್ಟೂ ಗುರುತು ಬಿಟ್ಟಿಲ್ಲ.

ಇಲ್ಲಿ ಒಂದು ನಿಯಮವಿದೆ. ತಿಂಗಳಾಂತ್ಯದ ಬೆಲೆಗಳು ದಿನದ ಬೆಲೆಗಳ ಒಂದು ಭಾಗ. ಪೂರ್ತಿ ಪಟ್ಟಿಯಲ್ಲಿ ಸಿಗುವ ಅತಿ ಕೆಟ್ಟ ಜೋಡಿಗಿಂತ ಕೆಟ್ಟ ಜೋಡಿ ಅದರ ಭಾಗದಲ್ಲಿ ಸಿಗಲಾರದು. ಹಾಗಾಗಿ ಅಳತೆಯ ನಡುವಿನ ಬಿಡುವು ಹೆಚ್ಚಿದಂತೆ ಗರಿಷ್ಠ ಕುಸಿತ ಇದ್ದಷ್ಟೇ ಇರಬಹುದು ಅಥವಾ ಕಿರಿದಾಗಬಹುದು, ಹಿರಿದಾಗುವಂತಿಲ್ಲ. ಇನ್ನೊಂದು ತುದಿಯಲ್ಲಿ, ದಿನದೊಳಗಿನ ಏರಿಳಿತವನ್ನೂ ಸೇರಿಸಿದರೆ ಅಂಕಿ ಮತ್ತಷ್ಟು ಬೆಳೆಯುತ್ತದೆ: 2008ರ ಜನವರಿ 10ರ ದಿನದೊಳಗಿನ ಎತ್ತರ 21,206.77, ಅದೇ ವರ್ಷ ಅಕ್ಟೋಬರ್ 27ರ ದಿನದೊಳಗಿನ ತಳ 7,697.39. ಕುಸಿತ ಶೇ 63.7. ಇವುಗಳಲ್ಲಿ ಇದೇ ಸರಿ ಎಂದು ಹೇಳಬಹುದಾದದ್ದು ಯಾವುದೂ ಇಲ್ಲ. ಆದರೆ ಒಂದು ಫಂಡಿನ ತಿಂಗಳ ಲೆಕ್ಕವನ್ನು ಇನ್ನೊಂದರ ದಿನದ ಲೆಕ್ಕದ ಪಕ್ಕ ಇಟ್ಟು ಮೊದಲನೆಯದೇ ಸುರಕ್ಷಿತ ಎನ್ನುವುದು ತಪ್ಪು. ಮ್ಯೂಚುವಲ್ ಫಂಡುಗಳಿಗೆ ಪ್ರತಿ ವಹಿವಾಟಿನ ದಿನದ ಎನ್‌ಎವಿ ಸಿಗುವುದರಿಂದ ದಿನದ ಲೆಕ್ಕವನ್ನೇ ರೂಢಿಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಇದೇ ಕಾರಣಕ್ಕೆ, ಅಪರೂಪಕ್ಕೊಮ್ಮೆ ಬೆಲೆ ಕಟ್ಟುವ ಆಸ್ತಿಗಳ ಕುಸಿತ ಕಾಗದದ ಮೇಲೆ ತೀರಾ ಕಡಿಮೆ ಕಾಣುತ್ತದೆ. ಸೈಟು, ಮನೆಗಳ ಬೆಲೆಯನ್ನು ವರ್ಷಕ್ಕೊಂದು ಸಲ ಅಂದಾಜಿಸುವವನಿಗೆ ಅವು ಬೀಳುವುದೇ ಇಲ್ಲ ಎನ್ನಿಸುವುದರಲ್ಲಿ ಅಳೆಯುವ ಕ್ರಮದ ಪಾಲು ದೊಡ್ಡದಿದೆ.

ಹಲವು ಹೂಡಿಕೆಗಳ ಒಂದು ಗಂಟು

ಇಡೀ ಉಳಿತಾಯವನ್ನು ಷೇರಿಗೇ ಹಾಕುವವರು ಕಡಿಮೆ. ಒಂದು ಪೋರ್ಟ್‌ಫೋಲಿಯೊದಲ್ಲಿ ಹತ್ತು ಲಕ್ಷ ರೂಪಾಯಿ ಇದೆ. ಆರು ಲಕ್ಷ ಸೆನ್ಸೆಕ್ಸನ್ನು ಅನುಸರಿಸುವ ಫಂಡಿನಲ್ಲಿ, ನಾಲ್ಕು ಲಕ್ಷ ಬ್ಯಾಂಕ್ ಠೇವಣಿಯಲ್ಲಿ ಎಂದಿಟ್ಟುಕೊಳ್ಳಬಹುದು. ಠೇವಣಿಗೆ ವರ್ಷಕ್ಕೆ ಶೇ 8ರ ಸರಳ ಬಡ್ಡಿ. ಫಂಡಿನ ವೆಚ್ಚ, ತೆರಿಗೆಗಳನ್ನು ಸದ್ಯಕ್ಕೆ ಬದಿಗಿಡಲಾಗಿದೆ. ಈ ಪೋರ್ಟ್‌ಫೋಲಿಯೊ 2008ರ ಜನವರಿ 8ರಂದು ಆರಂಭವಾಗಿದ್ದರೆ ಎಷ್ಟು ಕರಗುತ್ತಿತ್ತು?

ಮೊದಲಿಗೆ ತೋಚುವುದು ಸೂಚ್ಯಂಕದ ತಳದ ದಿನವನ್ನು ನೋಡುವುದು. 2009ರ ಮಾರ್ಚ್ 9ರಂದು ಆರು ಲಕ್ಷದ ಷೇರುಭಾಗ 2.35 ಲಕ್ಷವಾಗಿತ್ತು. ಠೇವಣಿ 426 ದಿನಗಳ ಬಡ್ಡಿ ಸೇರಿ 4.37 ಲಕ್ಷ. ಒಟ್ಟು 6.72 ಲಕ್ಷ, ಕುಸಿತ ಶೇ 32.8. ಉತ್ತರ ಹತ್ತಿರ ಬಂದಿದೆ, ಆದರೆ ಸರಿಯಾಗಿಲ್ಲ. 2008ರ ಅಕ್ಟೋಬರ್ 27ರಂದು ಸೆನ್ಸೆಕ್ಸ್ 8,509.56ರಲ್ಲಿ ಮುಗಿದಿತ್ತು, ಮಾರ್ಚ್‌ನ ತಳಕ್ಕಿಂತ ನಾಲ್ಕು ಶೇಕಡಾ ಮೇಲೆ. ಅಂದಿನ ಷೇರುಭಾಗ 2.446 ಲಕ್ಷ, 293 ದಿನಗಳ ಬಡ್ಡಿ ಸೇರಿದ ಠೇವಣಿ 4.257 ಲಕ್ಷ, ಒಟ್ಟು 6.703 ಲಕ್ಷ, ಅಂದರೆ ಶೇ 33.0 ಕುಸಿತ. ಸೂಚ್ಯಂಕದ ತಳ ಮಾರ್ಚ್‌ನಲ್ಲಿ ಬಂದರೂ ಈ ಪೋರ್ಟ್‌ಫೋಲಿಯೊದ ತಳ ಬಂದದ್ದು ನಾಲ್ಕು ತಿಂಗಳು ಮೊದಲೇ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಷೇರುಭಾಗ ಕಳೆದುಕೊಂಡದ್ದಕ್ಕಿಂತ ಠೇವಣಿ ಗಳಿಸಿದ ಬಡ್ಡಿ ತುಸು ಹೆಚ್ಚಿತ್ತು.

ಇಲ್ಲಿ ವ್ಯತ್ಯಾಸ ಚಿಕ್ಕದು. ಆದರೆ ಪೋರ್ಟ್‌ಫೋಲಿಯೊಗೆ ತನ್ನದೇ ಶಿಖರ, ತನ್ನದೇ ತಳ ಇರುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಚಿನ್ನ, ಸಾಲಪತ್ರ, ವಿದೇಶಿ ಷೇರು ಹೀಗೆ ಭಾಗಗಳು ಹೆಚ್ಚಿದಂತೆ ಒಂದೊಂದರ ತಳವೂ ಬೇರೆ ಬೇರೆ ದಿನ ಬೀಳುತ್ತದೆ. ಒಂದೊಂದರ ಗರಿಷ್ಠ ಕುಸಿತವನ್ನು ಅದರ ಪಾಲಿನಿಂದ ಗುಣಿಸಿ ಕೂಡಿಸಿದರೆ ಎಲ್ಲವೂ ಒಂದೇ ದಿನ ತಳ ಮುಟ್ಟಿದವು ಎಂದು ಊಹಿಸಿದಂತಾಗುತ್ತದೆ. ಸರಿಯಾದ ಕ್ರಮ ಒಂದೇ: ಪ್ರತಿ ದಿನ ಎಲ್ಲ ಭಾಗಗಳ ಮೌಲ್ಯವನ್ನು ಕೂಡಿಸಿ, ಆ ಮೊತ್ತದ ಪಟ್ಟಿಯ ಮೇಲೆ ಸಾಗುವ ಶಿಖರದ ಲೆಕ್ಕ ನಡೆಸಬೇಕು.

ಮುಂದಿನ ಪ್ರಶ್ನೆ ಸಮತೋಲನದ್ದು. ಷೇರು ಬಿದ್ದಾಗ 60ಕ್ಕೆ 40ರ ಅನುಪಾತ ಕೆಡುತ್ತದೆ; ಠೇವಣಿಯಿಂದ ತೆಗೆದು ಷೇರು ಕೊಂಡು ಮತ್ತೆ 60–40ಕ್ಕೆ ತರುವುದು ಹಲವರ ಶಿಸ್ತು. ಮೇಲಿನ ಪೋರ್ಟ್‌ಫೋಲಿಯೊದಲ್ಲಿ 2008ರ ಡಿಸೆಂಬರ್ 31ರಂದು, ಸೆನ್ಸೆಕ್ಸ್ 9,647.31ರಲ್ಲಿದ್ದಾಗ, ಒಂದೇ ಒಂದು ಸಲ ಹೀಗೆ ಸರಿಪಡಿಸಲಾಯಿತು ಎನ್ನೋಣ. ಅಂದಿನ ಒಟ್ಟು ಮೊತ್ತ 7.09 ಲಕ್ಷ, ಅದರಲ್ಲಿ 4.25 ಲಕ್ಷ ಷೇರಿಗೆ, 2.84 ಲಕ್ಷ ಠೇವಣಿಗೆ. ಆಮೇಲೆ ಪೇಟೆ ಇನ್ನೂ ಬಿತ್ತು. ಮಾರ್ಚ್ 9ಕ್ಕೆ ಷೇರುಭಾಗ 3.60 ಲಕ್ಷ, ಠೇವಣಿ 2.88 ಲಕ್ಷ, ಒಟ್ಟು 6.47 ಲಕ್ಷ. ಕುಸಿತ ಶೇ 33ರಿಂದ ಶೇ 35.3ಕ್ಕೆ ಏರಿತು, ತಳವೂ ಮಾರ್ಚ್‌ಗೆ ಸರಿಯಿತು.

ಅಷ್ಟಕ್ಕೇ ನಿಂತರೆ ಸಮತೋಲನ ಕೆಟ್ಟದ್ದೆಂದು ತೋರುತ್ತದೆ. 2009ರ ಸೆಪ್ಟೆಂಬರ್ ಆರಂಭದಲ್ಲಿ ಸೆನ್ಸೆಕ್ಸ್ 16 ಸಾವಿರ ದಾಟಿದಾಗ ಅದೇ ಪೋರ್ಟ್‌ಫೋಲಿಯೊ ಹತ್ತು ಲಕ್ಷವನ್ನು ಮತ್ತೆ ಮುಟ್ಟಿತ್ತು. ಸಮತೋಲನ ಮಾಡದೆ ಬಿಟ್ಟ ಪೋರ್ಟ್‌ಫೋಲಿಯೊ ಆ ದಿನ ಇನ್ನೂ 9.14 ಲಕ್ಷದಲ್ಲೇ ಇತ್ತು. ಅದು ಅಸಲಿಗೆ ಮರಳಲು 2010ರ ಉತ್ತರಾರ್ಧದವರೆಗೆ ಕಾಯಬೇಕಿತ್ತು. ಆಳದಲ್ಲಿ ಎರಡು ಶೇಕಡಾ ಹೆಚ್ಚು ಕಳೆದುಕೊಂಡದ್ದು ಅವಧಿಯಲ್ಲಿ ಹತ್ತು ತಿಂಗಳಷ್ಟು ಉಳಿಸಿತು. ಎರಡು ಯೋಜನೆಗಳನ್ನು ಗರಿಷ್ಠ ಕುಸಿತವೊಂದರಿಂದಲೇ ತೂಗಿದರೆ ಇಂಥ ಲಾಭ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಸಮತೋಲನದ ನಿಯಮವನ್ನು ಲೆಕ್ಕ ಶುರುವಾಗುವ ಮೊದಲೇ ಬರೆದಿಡಬೇಕು, ಮತ್ತು ಫಲಿತಾಂಶದಲ್ಲಿ ಆಳದ ಪಕ್ಕದಲ್ಲೇ ಚೇತರಿಕೆಯ ಅವಧಿಯನ್ನೂ ನಮೂದಿಸಬೇಕು.

ಕುಸಿತವನ್ನು ಮರೆಮಾಚುವ ಅಂಕಿಗಳು

ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರು ತಮ್ಮ ಖಾತೆಯ ಮೊತ್ತವನ್ನೇ ಬೆಲೆಯಾಗಿ ಹಿಡಿದು ಲೆಕ್ಕ ಮಾಡುವುದುಂಟು. ಹತ್ತು ಲಕ್ಷ ಇದ್ದ ಖಾತೆ ಶೇ 30 ಕುಸಿದು ಏಳು ಲಕ್ಷವಾಯಿತು. ಅಷ್ಟರಲ್ಲಿ ಹೊಸದಾಗಿ ಎರಡು ಲಕ್ಷ ಸೇರಿತು. ಖಾತೆ ಒಂಬತ್ತು ಲಕ್ಷ ತೋರಿಸುತ್ತದೆ, ಕುಸಿತ ಶೇ 10 ಎಂದು ಕಾಣುತ್ತದೆ. ಸೇರಿಸಿದ ಹಣ ನಷ್ಟವನ್ನು ಮುಚ್ಚಿಬಿಟ್ಟಿದೆ. ಪಿಂಚಣಿಗೆಂದು ತಿಂಗಳು ತಿಂಗಳು ಹಣ ತೆಗೆಯುವವರಲ್ಲಿ ಇದು ತಿರುಗುಮುರುಗಾಗಿ, ತೆಗೆದ ಹಣವೂ ನಷ್ಟವಾಗಿ ಎಣಿಕೆಯಾಗುತ್ತದೆ.

ಇದಕ್ಕೆ ಪರಿಹಾರ ಮ್ಯೂಚುವಲ್ ಫಂಡುಗಳ ಲೆಕ್ಕದಲ್ಲೇ ಇದೆ. ಮೊದಲ ದಿನ ಪೋರ್ಟ್‌ಫೋಲಿಯೊವನ್ನು ತಲಾ ನೂರು ರೂಪಾಯಿಯ ಹತ್ತು ಸಾವಿರ ಯೂನಿಟ್‌ಗಳಾಗಿ ವಿಂಗಡಿಸಬೇಕು. ಕುಸಿದ ಮೇಲೆ ಯೂನಿಟ್ ಬೆಲೆ 70 ರೂಪಾಯಿ. ಹೊಸ ಎರಡು ಲಕ್ಷ ಬಂದಾಗ ಆ ದಿನದ ಬೆಲೆಗೆ 2,857 ಯೂನಿಟ್‌ಗಳು ಹೆಚ್ಚುತ್ತವೆ. ಯೂನಿಟ್ ಬೆಲೆ 70ರಲ್ಲೇ ಇರುತ್ತದೆ. ಗರಿಷ್ಠ ಕುಸಿತವನ್ನು ಲೆಕ್ಕಹಾಕಬೇಕಾದದ್ದು ಈ ಯೂನಿಟ್ ಬೆಲೆಯ ಮೇಲೆ.

ಬಿಡಿ ಷೇರುಗಳಲ್ಲಿ ಇನ್ನೊಂದು ತೊಡಕಿದೆ, ಮತ್ತು ಅಪರೂಪಕ್ಕೆಂಬಂತೆ ಇದು ಕುಸಿತವನ್ನು ಹಿಗ್ಗಿಸುವ ತೊಡಕು. 2018ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಇನ್ಫೊಸಿಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಷೇರುಗಳ ಸಂಖ್ಯೆ ಎರಡು ಪಟ್ಟಾಯಿತು, ಬೆಲೆ ಅರ್ಧಕ್ಕಿಳಿಯಿತು, ಷೇರುದಾರನಿಗೆ ಅದರಿಂದ ನಷ್ಟವಾಗಲಿಲ್ಲ. ಬೋನಸ್‌ಗೆ ಹೊಂದಿಸದ ಬೆಲೆಪಟ್ಟಿ ಮಾತ್ರ ಒಂದೇ ದಿನದಲ್ಲಿ ಶೇ 50ರ ಕುಸಿತ ತೋರಿಸುತ್ತದೆ. ಪೇಟೆ ಶಾಂತವಾಗಿದ್ದ ದಿನ ಒಂದು ಷೇರು ಸರಿಯಾಗಿ ಅರ್ಧ, ಮೂರನೇ ಒಂದು ಅಥವಾ ಐದನೇ ಒಂದು ಭಾಗಕ್ಕೆ ಇಳಿದಂತೆ ಕಂಡರೆ ಬೋನಸ್ ಅಥವಾ ಮುಖಬೆಲೆಯ ವಿಭಜನೆ ನಡೆದಿದೆಯೇ ಎಂದು ಮೊದಲು ಹುಡುಕಬೇಕು.

ಹೆಚ್ಚು ಅಪಾಯಕಾರಿಯಾದದ್ದು ಉಳಿದವರನ್ನಷ್ಟೇ ಎಣಿಸುವ ತಪ್ಪು. ಇಂದಿನ ಸೆನ್ಸೆಕ್ಸ್‌ನ ಮೂವತ್ತು ಕಂಪನಿಗಳನ್ನು ತೆಗೆದುಕೊಂಡು, ಇವೇ 2008ರಲ್ಲೂ ಇದ್ದಿದ್ದರೆ ಎಷ್ಟು ಬೀಳುತ್ತಿತ್ತು ಎಂದು ನೋಡುವುದು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಆಗಿನ ಸೂಚ್ಯಂಕದಲ್ಲಿ ಸತ್ಯಂ ಕಂಪ್ಯೂಟರ್ಸ್ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರಗಳಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡ ದಿನ ಷೇರು ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಅದನ್ನು ಕೈಬಿಟ್ಟು ಸನ್ ಫಾರ್ಮಾವನ್ನು ಸೂಚ್ಯಂಕಕ್ಕೆ ಸೇರಿಸಲಾಯಿತು. ಮುಂದೆ ದಿವಾಳಿ ಪ್ರಕ್ರಿಯೆಗೆ ಹೋದ ರಿಲಯನ್ಸ್ ಕಮ್ಯುನಿಕೇಷನ್ಸ್ ಕೂಡ ಆಗ ಆ ಪಟ್ಟಿಯಲ್ಲಿತ್ತು. ಇಂದಿನ ಪಟ್ಟಿಯಲ್ಲಿರುವುದು ಬದುಕಿ ಬೆಳೆದ ಕಂಪನಿಗಳು. 2008ರಲ್ಲಿ ಹೂಡಿಕೆ ಮಾಡಿದವನಿಗೆ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ತಿಳಿದಿರಲಿಲ್ಲ. ಆದ್ದರಿಂದ ಹಿಂದಿನ ಕುಸಿತವನ್ನು ಅಳೆಯಲು ಆಯಾ ಕಾಲದ ಪಟ್ಟಿಯೇ ಬೇಕು. ಸೂಚ್ಯಂಕದ ಸ್ವಂತ ಇತಿಹಾಸದಲ್ಲಿ ಈ ಬದಲಾವಣೆಗಳೆಲ್ಲ ನಡೆದಾಗಲೇ ದಾಖಲಾಗಿರುವುದರಿಂದ, ಬಿಡಿ ಷೇರುಗಳ ಮರುಲೆಕ್ಕಕ್ಕಿಂತ ಅದನ್ನು ಹೆಚ್ಚು ನಂಬಬಹುದು.

ಯಾವ ಹಣದಲ್ಲಿ ಎಣಿಸುವುದು ಎಂಬುದೂ ಉತ್ತರವನ್ನು ಬದಲಿಸುತ್ತದೆ. 2008ರ ಜನವರಿಯಲ್ಲಿ ಡಾಲರಿಗೆ ಸುಮಾರು 39 ರೂಪಾಯಿ ಇತ್ತು. 2009ರ ಮಾರ್ಚ್ ಹೊತ್ತಿಗೆ ಸುಮಾರು 52. ಅಮೆರಿಕದಲ್ಲಿ ದುಡಿದು, ಅಲ್ಲೇ ಖರ್ಚು ಮಾಡುವ ಕನ್ನಡಿಗನೊಬ್ಬ ಭಾರತದ ಷೇರುಗಳಲ್ಲಿ ಹಣ ಇಟ್ಟಿದ್ದರೆ ಅವನ ಕುಸಿತ ಶೇ 61 ಅಲ್ಲ, ಶೇ 70ರ ಆಸುಪಾಸು.

ಯಾವ ಕಾಲದಿಂದ ಯಾವ ಕಾಲಕ್ಕೆ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಆಯ್ಕೆ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ದೊಡ್ಡದು: ಅವಧಿ. 2009ರ ಮಾರ್ಚ್ ತಳದ ನಂತರದಿಂದ 2019ರ ಕೊನೆಯವರೆಗಿನ ಸೆನ್ಸೆಕ್ಸನ್ನು ನೋಡಿದರೆ ಅತಿ ದೊಡ್ಡ ಕುಸಿತ 2010ರ ನವೆಂಬರ್‌ನ 21,004.96ರಿಂದ 2011ರ ಡಿಸೆಂಬರ್‌ನ 15,175.08ರವರೆಗಿನದು. ಅದು ಶೇ 27.8. ಹತ್ತು ವರ್ಷಕ್ಕೂ ಹೆಚ್ಚಿನ ದಿನದ ಅಂಕಿಗಳು, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೂ 2020ರ ಮೊದಲ ಮೂರು ತಿಂಗಳಲ್ಲಿ ಅದು ಶೇ 38.1ಕ್ಕೆ ಜಿಗಿಯಿತು. 2010ರ ಆಸುಪಾಸಿನಲ್ಲಿ ಆರಂಭವಾದ ಫಂಡೊಂದರ ವಿವರಪತ್ರದಲ್ಲಿ ಕುಸಿತ ಕಡಿಮೆ ಕಂಡರೆ ಅದರಲ್ಲಿ ವ್ಯವಸ್ಥಾಪಕರ ಜಾಣ್ಮೆ ಎಷ್ಟು, ಹುಟ್ಟಿದ ದಿನಾಂಕದ ಪುಣ್ಯ ಎಷ್ಟು ಎಂದು ಬಿಡಿಸಿ ನೋಡಬೇಕು. ಸರಳ ಪರೀಕ್ಷೆಯೆಂದರೆ, ಅದೇ ದಿನಾಂಕಗಳ ನಡುವೆ ಸೂಚ್ಯಂಕ ಎಷ್ಟು ಬಿದ್ದಿತ್ತು ಎಂದು ಪಕ್ಕದಲ್ಲಿಟ್ಟು ನೋಡುವುದು.

ಅವಧಿ ಉದ್ದವಾದಂತೆ ಗರಿಷ್ಠ ಕುಸಿತ ಹೆಚ್ಚಬಹುದೇ ಹೊರತು ಕಡಿಮೆಯಾಗದು, ಏಕೆಂದರೆ ಹಳೆಯ ದಾಖಲೆ ಅಳಿಯುವುದಿಲ್ಲ. ಸರಾಸರಿಯಂತೆ ಇದು ಹೆಚ್ಚು ಅಂಕಿ ಸೇರಿದಷ್ಟೂ ಒಂದು ಸ್ಥಿರ ಬೆಲೆಗೆ ಹತ್ತಿರವಾಗುವ ಅಳತೆಯಲ್ಲ. ಸಾವಿರಾರು ದಿನಗಳಲ್ಲಿ ಒಂದು ಜೋಡಿ ದಿನಗಳು ಮಾತ್ರ ಉತ್ತರವನ್ನು ನಿರ್ಧರಿಸುತ್ತವೆ. ಹಾಗಾಗಿ ಇದರ ಮೇಲೆ ಆಕಸ್ಮಿಕದ ಪ್ರಭಾವ ಬಹಳ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915.87 ಮುಟ್ಟಿತು, 2009ರ ಮಾರ್ಚ್ 10ಕ್ಕೆ 7,054.98ಕ್ಕೆ ಇಳಿಯಿತು. ಶೇ 82ರ ಆಸುಪಾಸಿನ ಆ ಕುಸಿತದಿಂದ ಹಳೆಯ ಶಿಖರಕ್ಕೆ ಮರಳಿದ್ದು 2024ರ ಫೆಬ್ರುವರಿಯಲ್ಲಿ, ಮೂವತ್ತನಾಲ್ಕು ವರ್ಷಗಳ ನಂತರ. ಅಮೆರಿಕದ ಡೌ ಜೋನ್ಸ್ 1929ರ ಸೆಪ್ಟೆಂಬರ್‌ನ 381.17ರಿಂದ 1932ರ ಜುಲೈನ 41.22ಕ್ಕೆ ಬಂದಾಗ ಕಳೆದುಕೊಂಡದ್ದು ಶೇ 89. ಭಾರತದ ಪೇಟೆಗೆ ಇಂಥದ್ದು ಬರಲೇಬೇಕೆಂದಲ್ಲ, ಬರುವುದೇ ಇಲ್ಲ ಎನ್ನಲು ಸೆನ್ಸೆಕ್ಸ್‌ನ ಇತಿಹಾಸ ಸಾಕಾಗುವುದಿಲ್ಲ.

ಈ ದೌರ್ಬಲ್ಯವನ್ನು ತಕ್ಕಮಟ್ಟಿಗೆ ತಗ್ಗಿಸಲು ಒಂದೇ ಅಂಕಿಯ ಬದಲು ಹಿಂದಿನ ದೊಡ್ಡ ಕುಸಿತಗಳಲ್ಲೆಲ್ಲ ಪೋರ್ಟ್‌ಫೋಲಿಯೊ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಬೇರೆ ಬೇರೆಯಾಗಿ ಬರೆಯುವ ಪದ್ಧತಿ ಇದೆ. 2000ದ ಫೆಬ್ರುವರಿ 11ರ 5,933.56ರಿಂದ 2001ರ ಸೆಪ್ಟೆಂಬರ್ 21ರ 2,600.12ರವರೆಗೆ ಸೆನ್ಸೆಕ್ಸ್ ಶೇ 56 ಬಿದ್ದಿತ್ತು. ಶೇ 8ರ ಠೇವಣಿಯೊಂದಿಗೆ 60–40ರ ಪೋರ್ಟ್‌ಫೋಲಿಯೊ ಆಗ ಕಳೆದುಕೊಳ್ಳುತ್ತಿದ್ದದ್ದು ಶೇ 28ರಿಂದ 29. 2008–09ರಲ್ಲಿ, ಸಮತೋಲನ ಮಾಡದಿದ್ದರೆ, ಶೇ 33. 2020ರಲ್ಲಿ, ಠೇವಣಿಗೆ ಶೇ 6ರ ಬಡ್ಡಿ ಹಿಡಿದರೆ, ಶೇ 22. ಮೂರು ಕುಸಿತಗಳ ಕಾರಣಗಳು ಬೇರೆ: ಒಂದು ತಂತ್ರಜ್ಞಾನ ಷೇರುಗಳ ಉಬ್ಬರ ಇಳಿದದ್ದು, ಒಂದು ಜಾಗತಿಕ ಬ್ಯಾಂಕಿಂಗ್ ಬಿಕ್ಕಟ್ಟು, ಇನ್ನೊಂದು ಸಾಂಕ್ರಾಮಿಕ. ಕಾರಣ ಬೇರೆಯಾದರೂ ಉತ್ತರ ಶೇ 22ರಿಂದ 33ರ ನಡುವೆ ನಿಂತದ್ದು ಒಂದು ಮುಖ್ಯ ಮಾಹಿತಿ. ಇಂಥ ಪೋರ್ಟ್‌ಫೋಲಿಯೊದಲ್ಲಿ ಆಳವನ್ನು ತೀರ್ಮಾನಿಸುವುದು ಹೆಚ್ಚಾಗಿ ಷೇರಿನ ಪಾಲು.

ಹಿಂದೆಂದೂ ಕಾಣದ ಕುಸಿತಕ್ಕೂ ಈ ಸಂಬಂಧದಿಂದಲೇ ಅಂದಾಜು ಕಟ್ಟಬಹುದು. ನಿಕ್ಕೇಯಂತೆ ಷೇರುಭಾಗ ಶೇ 82 ಬಿದ್ದರೆ, ಬಡ್ಡಿಯನ್ನು ಬಿಟ್ಟು ಎಣಿಸಿದಾಗ, ಶೇ 60 ಷೇರಿರುವ ಪೋರ್ಟ್‌ಫೋಲಿಯೊ ಶೇ 49 ಕಳೆದುಕೊಳ್ಳುತ್ತದೆ. ಶೇ 30 ಷೇರಿರುವುದು ಶೇ 25. ಬರುವ ಶೇಕಡಾವಾರನ್ನು ರೂಪಾಯಿಗೆ ತಿರುಗಿಸಿ, ಮುಂದಿನ ಮೂರು ವರ್ಷಗಳಲ್ಲಿ ಆ ಹಣದಿಂದ ಆಗಬೇಕಾದ ಖರ್ಚುಗಳ ಪಕ್ಕದಲ್ಲಿಡಬೇಕು. ಹತ್ತು ಲಕ್ಷದಲ್ಲಿ ನಾಲ್ಕು ಲಕ್ಷ ಎರಡು ವರ್ಷದೊಳಗೆ ಮಗಳ ಕಾಲೇಜು ಶುಲ್ಕಕ್ಕೆ ಬೇಕಿದ್ದರೆ ಆ ನಾಲ್ಕು ಲಕ್ಷವನ್ನು ಲೆಕ್ಕದಿಂದ ಹೊರಗಿಟ್ಟು, ಉಳಿದ ಆರು ಲಕ್ಷಕ್ಕೆ ಮಾತ್ರ ಕುಸಿತದ ಲೆಕ್ಕ ಹಾಕಬೇಕಾಗುತ್ತದೆ. ಆಗ ಮೇಲಿನ 60–40ರ ಉದಾಹರಣೆಯಲ್ಲಿ ದೀರ್ಘಾವಧಿಗೆಂದು ಇಟ್ಟ ಹಣವೆಲ್ಲ ಷೇರಿನಲ್ಲೇ ಇದೆ ಎಂದಾಗುತ್ತದೆ. ಅದಕ್ಕೆ ಅನ್ವಯಿಸುವ 2008ರ ಅಂಕಿ ಶೇ 33 ಅಲ್ಲ, ಶೇ 60.9.